ರಾತ್ರಿ ಎಂಟಕ್ಕೆ ಫಿಕ್ಸ್ ಕಳೆದುಕೊಳ್ಳುವ ರೋವರ್, ಹೊಲದ ಟಿ.ಸಿ. ಮತ್ತು ಸೂರ್ಯ

ಪ್ರಶ್ನೆ: ಸರ್, ಯಾದಗಿರಿ ಕಡಿ ಒಂದು ಸೋಲಾರ್ ಪ್ಲಾಂಟಿಗೆ ಪೈಲ್ ಮಾರ್ಕಿಂಗ್ ಮಾಡ್ಲಿಕ್ಕತ್ತೀನಿ. ಏಪ್ರಿಲ್ ಬಿಸಿಲಾಗ ಹಗಲೊತ್ತು ನಿಂದ್ರಾಕ ಆಗಂಗಿಲ್ಲ ಅಂತ ಸಂಜಿ ಆರರಿಂದ ರಾತ್ರಿ ಹತ್ತರ ತನಕ ರೋವರ್ ಹಿಡಕೊಂಡು ಕೆಲಸ. ಎಂಟು ಹೊಡೀತು ಅಂದ್ರ ಫಿಕ್ಸ್ ಹೋಗಿ ಫ್ಲೋಟ್ ಬರ್ತದ, ವಾರದಾಗ ಮೂರ್ನಾಕು ದಿನ ಹಿಂಗೇ. ಒಂದು ರಾತ್ರಿ ಫಿಕ್ಸ್ ಅಂತ ತೋರಿಸಿದ್ರೂ ಮುಂಜಾನಿ ನೋಡಿದ್ರ ಒಂದು ಸಾಲು 40 ಸೆಂ.ಮೀ. ಸರದಿತ್ತು. ವಾಟ್ಸ್‌ಆ್ಯಪ್‌ನಾಗ ಸೂರ್ಯನ ಬಿರುಗಾಳಿ ಬರ್ತದ, ರಾತ್ರಿ ಫೋನ್ ಬಂದ್ ಮಾಡ್ರಿ, ಕರೆಂಟಿನ ಗ್ರಿಡ್ ಸುಡ್ತದ ಅಂತ ಮೆಸೇಜ್ ತಿರಗಾಡ್ಲಿಕ್ಕತ್ತದ. ನಮ್ಮಪ್ಪ ಅದನ್ನ ನಂಬಿ ಹೊಲದ ಮೋಟಾರ್ ಬಂದ್ ಇಟ್ಟಾರ. ನನ್ನ ರೋವರ್ ಕೆಡಸೋದು ಇದೇ ಏನ್ರಿ? ನಾ ಏನ್ ಮಾಡ್ಲಿ?
— ಒಬ್ಬ ಸರ್ವೆಯರ್, ಜೇವರ್ಗಿ ತಾಲ್ಲೂಕು

ಉತ್ತರ:

ಕೆಡಿಸುತ್ತಿರುವವನು ಸೂರ್ಯನೇ, ಆದರೆ ಬಿರುಗಾಳಿ ಅಲ್ಲ. ಸುಳಿವು ನಿಮ್ಮ ಪತ್ರದಲ್ಲೇ ಇದೆ: ಏಪ್ರಿಲ್ ತಿಂಗಳು, ರಾತ್ರಿ ಎಂಟು ಗಂಟೆ, ವಾರಕ್ಕೆ ಮೂರ್ನಾಲ್ಕು ಸಲ. ಸೌರ ಬಿರುಗಾಳಿಗೆ ಹೊತ್ತುಗೊತ್ತು ಇಲ್ಲ. ಅದು ಯಾವ ತಿಂಗಳಲ್ಲಾದರೂ, ಯಾವ ತಾಸಿನಲ್ಲಾದರೂ ಬಂದು ಅಪ್ಪಳಿಸಬಹುದು. ದಿನವೂ ಕತ್ತಲಾದ ಮೇಲೆ ತಾಸೆರಡು ತಾಸಿಗೆ ಶುರುವಾಗಿ, ನಡುರಾತ್ರಿ ಕಳೆದರೆ ತಾನಾಗಿ ನಿಲ್ಲುವ ತೊಂದರೆ ಬೇರೆಯದು. ಅದು ನಮ್ಮ ಅಕ್ಷಾಂಶದವರ ಪಾಲಿಗೆ ಬಂದದ್ದು. ದೊಡ್ಡ ಬಿರುಗಾಳಿಗೆ ಹೆದರಬೇಕಾದ ಕೆನಡಾ, ಸ್ವೀಡನ್‌ನ ಸರ್ವೆಯರ್‌ಗಳಿಗೆ ಇದರ ಗೊಡವೆ ಇಲ್ಲ.

ಉಪಗ್ರಹಗಳ ಸಿಗ್ನಲ್ ಹಿಡಿದು ಜಾಗ ಹೇಳುವ ರೋವರ್ ಅಳೆಯುವುದು ಏನನ್ನು ಎಂದು ಮೊದಲು ನೋಡೋಣ. ಉಪಗ್ರಹ ಸುಮಾರು 20,000 ಕಿ.ಮೀ. ಮೇಲಿದೆ. ಅದರ ಸಿಗ್ನಲ್ ನೆಲ ಮುಟ್ಟುವ ಮೊದಲು ಅಯಾನುಗೋಳವನ್ನು ದಾಟಬೇಕು. ಸೂರ್ಯನ ಅತಿನೇರಳೆ ಕಿರಣ, ಎಕ್ಸ್ ಕಿರಣ ಬಿದ್ದು ಗಾಳಿಯ ಕಣಗಳಿಂದ ಎಲೆಕ್ಟ್ರಾನ್‌ಗಳು ಬಿಡಿಬಿಡಿಯಾಗಿರುವ ಪದರ ಅದು. ದಟ್ಟವಾಗಿರುವುದು 300 ಕಿ.ಮೀ. ಎತ್ತರದ ಆಸುಪಾಸಿನಲ್ಲಿ. ಎಲೆಕ್ಟ್ರಾನ್ ಹೆಚ್ಚಿದ್ದಷ್ಟೂ ಸಿಗ್ನಲ್ ತಡವಾಗುತ್ತದೆ. ನಮ್ಮ ಕಡೆ ಮಧ್ಯಾಹ್ನದ ಹೊತ್ತು ಈ ತಡ ದೂರದ ಲೆಕ್ಕದಲ್ಲಿ ಹತ್ತು ಮೀಟರ್ ಸುತ್ತಮುತ್ತ ಇರುವುದು ಮಾಮೂಲು. ಹೀಗಿದ್ದೂ ನಿಮಗೆ ಎರಡು ಸೆಂಟಿಮೀಟರ್ ನಿಖರತೆ ಸಿಗುವುದು ಬೇಸ್, ಅಂದರೆ ಗೊತ್ತಿರುವ ಜಾಗದಲ್ಲಿ ನಿಂತ ಇನ್ನೊಂದು ರಿಸೀವರ್, ಇರುವುದರಿಂದ. ಬೇಸ್ ಮತ್ತು ರೋವರ್ ಎರಡೂ ಹೆಚ್ಚುಕಡಿಮೆ ಒಂದೇ ಅಯಾನುಗೋಳದ ಮೂಲಕ ನೋಡುತ್ತಿವೆ ಎಂದು ಹಿಡಿದು, ಒಂದರ ಅಳತೆಯಿಂದ ಇನ್ನೊಂದರದನ್ನು ಕಳೆದರೆ ಆ ಹತ್ತು ಮೀಟರ್ ಕರಗುತ್ತದೆ. ಉಳಿಯುವುದು ಅಲೆಗಳ ಎಣಿಕೆ. ಜಿಪಿಎಸ್‌ನ ಎಲ್1 ಎಂಬ ಸಿಗ್ನಲ್‌ನ ಒಂದು ಅಲೆಯ ಉದ್ದ 19 ಸೆಂ.ಮೀ. ಉಪಗ್ರಹದಿಂದ ಆಂಟೆನಾದ ತನಕ ಇಂಥ ಪೂರ್ಣ ಅಲೆಗಳು ಎಷ್ಟು ಎಂದು ಸಾಫ್ಟ್‌ವೇರ್ ಖಚಿತ ಮಾಡಿಕೊಂಡರೆ ಫಿಕ್ಸ್. ಅಂದಾಜಿನಲ್ಲೇ ನಿಂತರೆ ಫ್ಲೋಟ್.

ಇನ್ನು ಸಂಜೆ. ಸೂರ್ಯ ಮುಳುಗಿದ ಕೂಡಲೇ ಅಯಾನುಗೋಳದ ಕೆಳಪದರದ ಎಲೆಕ್ಟ್ರಾನ್‌ಗಳು ಬೇಗ ಬೇಗ ಮತ್ತೆ ಅಣುಗಳನ್ನು ಸೇರಿಕೊಂಡು ಖಾಲಿಯಾಗುತ್ತವೆ. ಮೇಲಿನ ಪದರ ಹಾಗೇ ದಟ್ಟವಾಗಿ ಉಳಿಯುತ್ತದೆ. ಅದೇ ಹೊತ್ತಿಗೆ ಭೂಮಿಯ ಕಾಂತೀಯ ಸಮಭಾಜಕದ ಮೇಲೆ ಒಂದು ವಿದ್ಯುತ್ ಕ್ಷೇತ್ರ ಎದ್ದು ಆ ದಟ್ಟ ಪದರವನ್ನು ಇನ್ನೂ ಮೇಲಕ್ಕೆ ಎತ್ತುತ್ತದೆ. ಈ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಬಳಿಯೇ ಹಾದುಹೋಗುತ್ತದೆ. ದಟ್ಟವಾದದ್ದು ಮೇಲೆ, ತೆಳುವಾದದ್ದು ಕೆಳಗೆ. ಈ ಸ್ಥಿತಿ ಬಹಳ ಹೊತ್ತು ನಿಲ್ಲಲಾರದು. ಎಣ್ಣೆಯ ಮೇಲೆ ನೀರು ಸುರಿದರೆ ಎಣ್ಣೆ ಗುಳ್ಳೆಗುಳ್ಳೆಯಾಗಿ ಮೇಲೇಳುವ ಹಾಗೆ ಖಾಲಿ ಭಾಗಗಳು ದಟ್ಟ ಪದರವನ್ನು ಸೀಳಿಕೊಂಡು ಏರುತ್ತವೆ. ಇವಕ್ಕೆ ಪ್ಲಾಸ್ಮಾ ಗುಳ್ಳೆ ಎನ್ನುತ್ತಾರೆ. ಹುಟ್ಟುವುದು ಸಮಭಾಜಕದ ಮೇಲಾದರೂ ಗುಳ್ಳೆ ಏರಿದಷ್ಟೂ ಕಾಂತರೇಖೆಗಳ ಗುಂಟ ಉತ್ತರಕ್ಕೂ ದಕ್ಷಿಣಕ್ಕೂ ಚಾಚುತ್ತದೆ. ಚೆನ್ನಾಗಿ ಎತ್ತರಕ್ಕೆ ಹೋದ ಗುಳ್ಳೆಯ ಉತ್ತರದ ತುದಿ ಯಾದಗಿರಿ, ಕಲಬುರಗಿಯ ನೆತ್ತಿ ಮೇಲೆ ಬಂದು ನಿಲ್ಲುತ್ತದೆ.

ಗುಳ್ಳೆಯ ಅಂಚಿನಲ್ಲಿ ಎಲೆಕ್ಟ್ರಾನ್ ಸಾಂದ್ರತೆ ನೂರಾರು ಮೀಟರ್ ಅಂತರದಲ್ಲೇ ಏರುಪೇರಾಗುತ್ತದೆ. ಅದರ ಮೂಲಕ ಬಂದ ಸಿಗ್ನಲ್ ಮಿಣುಕುತ್ತದೆ. ಕ್ಷಣಕ್ಕೊಮ್ಮೆ ಅದರ ಬಲ ಕುಸಿದು, ಅಲೆಗಳನ್ನು ಎಣಿಸುತ್ತಿದ್ದ ರೋವರ್‌ಗೆ ಲೆಕ್ಕ ತಪ್ಪುತ್ತದೆ. ನಾಲ್ಕೈದು ಉಪಗ್ರಹಗಳ ಲೆಕ್ಕ ಒಟ್ಟಿಗೇ ತಪ್ಪಿದರೆ ಫ್ಲೋಟ್. ಅದಾದರೂ ವಾಸಿ, ಕಣ್ಣಿಗೆ ಕಾಣುತ್ತದೆ. ನಿಮ್ಮ 40 ಸೆಂ.ಮೀ. ಸಾಲಿನ ಕಥೆ ಇದಕ್ಕಿಂತ ಕೆಟ್ಟದ್ದು. ಉಪಗ್ರಹಗಳು ಮರಳಿ ಸಿಕ್ಕಾಗ ಸಾಫ್ಟ್‌ವೇರ್ ಅವಸರದಲ್ಲಿ ತಪ್ಪು ಪೂರ್ಣಸಂಖ್ಯೆಗಳನ್ನು ಆರಿಸಿಕೊಂಡು, ಅವುಗಳ ಮೇಲೆ ನಂಬಿಕೆ ಇಟ್ಟು, ಪರದೆಯ ಮೇಲೆ ಹಸಿರು ಬಣ್ಣದಲ್ಲಿ ಫಿಕ್ಸ್ ಎಂದು ಬರೆದಿದೆ. ಒಂದೆರಡು ಉಪಗ್ರಹಕ್ಕೆ ಒಂದೆರಡು ಅಲೆ ಹೆಚ್ಚುಕಡಿಮೆ ಎಣಿಸಿದರೆ ಸ್ಥಾನ ಹತ್ತಿಪ್ಪತ್ತು ಸೆಂಟಿಮೀಟರ್‌ನಿಂದ ಅರ್ಧ ಮೀಟರ್ ತನಕ ಸರಿಯುತ್ತದೆ. ಅದೇ ತಪ್ಪು ಎಣಿಕೆ ಮುಂದುವರಿದಷ್ಟು ಹೊತ್ತೂ ಎಲ್ಲ ಬಿಂದುಗಳೂ ಬಹುಪಾಲು ಒಂದೇ ದಿಕ್ಕಿಗೆ, ಒಂದೇ ಅಳತೆಯಲ್ಲಿ ಸರಿಯುತ್ತವೆ. ಅದಕ್ಕೇ ಸಾಲು ನೇರವಾಗಿಯೇ ಇತ್ತು, ಜಾಗ ಮಾತ್ರ ತಪ್ಪಿತ್ತು.

ಏಪ್ರಿಲ್‌ನಲ್ಲೇ ಏಕೆ ಎಂದರೆ, ನಮ್ಮ ರೇಖಾಂಶದಲ್ಲಿ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮುಳುಗುಹೊತ್ತಿನ ಗೆರೆ ಕಾಂತರೇಖೆಗೆ ಹೊಂದಿಕೊಂಡು ಬರುತ್ತದೆ. ಆಗ ಆ ಮೇಲೆತ್ತುವ ಕ್ಷೇತ್ರ ಬಲವಾಗಿರುತ್ತದೆ. ಸೂರ್ಯನ ಹನ್ನೊಂದು ವರ್ಷದ ಚಕ್ರ ಏರಿದ ವರ್ಷಗಳಲ್ಲಿ ಇದರ ಹಾವಳಿ ಹೆಚ್ಚು. ಸದ್ಯದ ಚಕ್ರ, ಅಂದರೆ 25ನೆಯದು, ಗರಿಷ್ಠ ಹಂತ ಮುಟ್ಟಿದೆ ಎಂದು 2024ರ ಅಕ್ಟೋಬರ್‌ನಲ್ಲಿ ನಾಸಾ ಮತ್ತು ಅಮೆರಿಕದ ಹವಾಮಾನ ಸಂಸ್ಥೆ ನೋವಾ ಹೇಳಿದವು. ನೀವು ಕೆಟ್ಟ ವರ್ಷಗಳಲ್ಲೇ ರೋವರ್ ಹಿಡಿದಿದ್ದೀರಿ.

ಇದು ನನ್ನ ಊಹೆ ಎಂದು ಬಿಡಬೇಡಿ, ನೀವೇ ಪರೀಕ್ಷಿಸಿ. ಫಿಕ್ಸ್ ಹೋದ ಕೂಡಲೇ ಕಂಟ್ರೋಲರ್‌ನಲ್ಲಿ ಮೊದಲು ಬೇಸ್ ಕಳಿಸುವ ಕರೆಕ್ಷನ್ ಎಷ್ಟು ಸೆಕೆಂಡ್ ಹಳೆಯದು ಎಂದು ನೋಡಿ. ಒಂದೆರಡು ಸೆಕೆಂಡ್ ಇರಬೇಕಾದ್ದು ಇಪ್ಪತ್ತು, ಮೂವತ್ತಕ್ಕೆ ಏರುತ್ತಿದ್ದರೆ ಅದು ಸಿಮ್‌ನ ಇಂಟರ್‌ನೆಟ್ ತೊಂದರೆ, ಆಕಾಶವನ್ನು ಬೈಯಬೇಡಿ. ಅದು ಸರಿಯಿದ್ದರೆ ಉಪಗ್ರಹಗಳ ನಕ್ಷೆ ತೆರೆಯಿರಿ. ಗುಳ್ಳೆಯ ಲಕ್ಷಣ ಎಂದರೆ ಆಕಾಶದ ಒಂದು ಮಗ್ಗುಲಿನ ಉಪಗ್ರಹಗಳು ಮಾತ್ರ ಕುಣಿಯುತ್ತವೆ, ಉಳಿದವು ನೆಟ್ಟಗಿರುತ್ತವೆ. ಗುಳ್ಳೆಗಳು ಪೂರ್ವಕ್ಕೆ ತೇಲುವುದರಿಂದ ಕುಣಿತವೂ ತಾಸೊಪ್ಪತ್ತಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸರಿಯುತ್ತದೆ. ಎಲ್ಲ ದಿಕ್ಕಿನ ಎಲ್ಲ ಉಪಗ್ರಹಗಳ ಬಲವೂ ಒಮ್ಮೆಲೇ ಒಂದೇ ಸಮ ಇಳಿದಿದ್ದರೆ ಹತ್ತಿರದಲ್ಲೆಲ್ಲೋ ರೇಡಿಯೊ ಗದ್ದಲವಿದೆ ಎಂದರ್ಥ. ಅರ್ಧ ಕಿಲೋಮೀಟರ್ ಆಚೆ ಹೋದರೆ ಸರಿಹೋಗುತ್ತದೆ. ಕೊನೆಗೆ, ಭೂಮಿಯ ಕಾಂತಕ್ಷೇತ್ರದ ಅಲುಗಾಟ ಅಳೆಯುವ ಕೆಪಿ ಸೂಚ್ಯಂಕ ಆ ರಾತ್ರಿ ಎಷ್ಟಿತ್ತು ಎಂಬುದನ್ನು swpc.noaa.gov ತಾಣದಲ್ಲಿ ನೋಡಿ. ಸೊನ್ನೆಯಿಂದ ಒಂಬತ್ತರ ತನಕದ ಆ ಅಳತೆಯಲ್ಲಿ ಬಿರುಗಾಳಿ ಎನ್ನಿಸಿಕೊಳ್ಳಲು ಐದಾದರೂ ಆಗಬೇಕು. ನಿಮ್ಮ ರೋವರ್ ಪರದಾಡಿದ ರಾತ್ರಿಗಳಲ್ಲಿ ಬಹಳಷ್ಟು ಒಂದು, ಎರಡು, ಮೂರೇ ಇದ್ದರೆ ಬಿರುಗಾಳಿಯ ಮೇಲಿನ ಆಪಾದನೆ ಬಿದ್ದುಹೋಯಿತು.

ಹಾಗಾದರೆ ಬಿರುಗಾಳಿ ಎಂಬುದೇ ಸುಳ್ಳೇ? ಸುಳ್ಳಲ್ಲ. ವಾಟ್ಸ್‌ಆ್ಯಪ್ ಮೆಸೇಜ್‌ನ ತಪ್ಪು ಏನೆಂದರೆ ಅದು ಬೇರೆ ಬೇರೆ ಸಂಗತಿಗಳನ್ನು ಕಲಸಿ ಒಂದು ಮುದ್ದೆ ಮಾಡುತ್ತದೆ. 2024ರ ಮೇ ತಿಂಗಳ ಘಟನೆಯನ್ನೇ ತೆಗೆದುಕೊಂಡು ಬಿಡಿಸಿ ನೋಡೋಣ.

ಆ ಮೇ ಮೊದಲ ವಾರ ಸೂರ್ಯನ ಮೇಲೆ ದೊಡ್ಡದೊಂದು ಕಲೆಗಳ ಗುಂಪು ಕಾಣಿಸಿತು. ಖಗೋಳದವರ ಲೆಕ್ಕದಲ್ಲಿ ಅದು 13664. ಅಲ್ಲಿ ಹೆಣೆದುಕೊಂಡಿದ್ದ ಕಾಂತಕ್ಷೇತ್ರ ತುಂಡಾಗಿ ಮರುಜೋಡಣೆಯಾದಾಗಲೆಲ್ಲ ಜ್ವಾಲೆಗಳು ಎದ್ದವು. ಸೌರ ಜ್ವಾಲೆ ಎಂದರೆ ಬೆಳಕು, ಮುಖ್ಯವಾಗಿ ಎಕ್ಸ್ ಕಿರಣ ಮತ್ತು ಅತಿನೇರಳೆ. ಎಂಟು ನಿಮಿಷಕ್ಕೆ ನಮ್ಮನ್ನು ಮುಟ್ಟುತ್ತದೆ, ಅಂದರೆ ಅದು ಕಂಡ ಗಳಿಗೆಯೇ ಬಂದ ಗಳಿಗೆ. ಮುನ್ಸೂಚನೆಗೆ ಎಡೆಯೇ ಇಲ್ಲ. ಹಗಲಿರುವ ಕಡೆ ಅದು ಅಯಾನುಗೋಳದ ಅಡಿಪದರವನ್ನು ದಟ್ಟ ಮಾಡಿ ಶಾರ್ಟ್‌ವೇವ್ ಸಿಗ್ನಲ್‌ಗಳನ್ನು ಹೀರಿಬಿಡುತ್ತದೆ. 3ರಿಂದ 30 ಮೆಗಾಹರ್ಟ್ಸ್‌ನಲ್ಲಿ ದೂರ ಮಾತಾಡುವ ಹ್ಯಾಮ್‌ಗಳಿಗೆ, ಸಮುದ್ರದ ಮೇಲಿನ ವಿಮಾನಗಳಿಗೆ, ಹಡಗುಗಳಿಗೆ ಕೆಲವು ನಿಮಿಷದಿಂದ ತಾಸೆರಡು ತಾಸು ಮೌನ. ಇರುಳಿರುವ ಕಡೆ? ಏನೂ ಇಲ್ಲ, ನಡುವೆ ಇಡೀ ಭೂಮಿ ಅಡ್ಡ ಇದೆ. ಅದೇ ಕಲೆಗುಂಪು ಮೇ 14ರಂದು ಎಕ್ಸ್8.7 ದರ್ಜೆಯ ಜ್ವಾಲೆ ಚಿಮ್ಮಿಸಿತು, ಆ ಚಕ್ರದಲ್ಲಿ ಅಲ್ಲಿಯ ತನಕ ಕಂಡ ಅತಿ ದೊಡ್ಡದು. ಆಗ ನಮ್ಮಲ್ಲಿ ರಾತ್ರಿ ಹತ್ತೂ ಇಪ್ಪತ್ತರ ಹೊತ್ತು. ಕಲಬುರಗಿಯ ಯಾವ ರೇಡಿಯೊಕ್ಕೂ ಅದರ ಬಿಸಿ ತಟ್ಟಲಿಲ್ಲ. ರಾತ್ರಿ ಹನ್ನೆರಡೂವರೆಯಿಂದ ಮೂರೂವರೆ ತನಕ ಕಿರಣ ಬೀಳುತ್ತವೆ, ಫೋನ್ ಮೈಗೆ ತಾಗಿಸಬೇಡಿ ಎಂಬ ಮೆಸೇಜ್ ವರ್ಷಕ್ಕೊಮ್ಮೆ ಮರುಹುಟ್ಟು ಪಡೆಯುತ್ತದಲ್ಲ, ಅದನ್ನು ಬರೆದವರಿಗೆ ಈ ಸಣ್ಣ ಸಂಗತಿ ಹೊಳೆದಿಲ್ಲ.

ಮೊಬೈಲ್ ಫೋನ್ ಮಾತಾಡುವುದು ಎರಡು ಮೂರು ಕಿಲೋಮೀಟರ್ ಆಚೆಯ ಟವರ್ ಜೊತೆ. ಆ ಸಿಗ್ನಲ್ ಅಯಾನುಗೋಳದ ಹತ್ತಿರಕ್ಕೂ ಹೋಗುವುದಿಲ್ಲ. ಇನ್ನು ಮಾರ್ಚ್ ಮೊದಲಾರ್ಧದಲ್ಲಿ ಮತ್ತು ಅಕ್ಟೋಬರ್ ಶುರುವಿನ ದಿನಗಳಲ್ಲಿ ಮನೆಯ ಡಿಶ್ ಟಿವಿ ದಿನಕ್ಕೆ ಕೆಲವು ನಿಮಿಷ ಚೌಕಳಿಯಾಗಿ ನಿಲ್ಲುವುದನ್ನೂ ಜನ ಬಿರುಗಾಳಿ ಎನ್ನುತ್ತಾರೆ. ಅದು ಡಿಶ್ ನೋಡುವ ಉಪಗ್ರಹದ ಸರಿಯಾಗಿ ಬೆನ್ನಿಗೆ ಸೂರ್ಯ ಬಂದು, ಅವನ ರೇಡಿಯೊ ಗದ್ದಲದಲ್ಲಿ ಸಿಗ್ನಲ್ ಮುಳುಗುವುದು, ಅಷ್ಟೇ. ತಾರೀಖು, ನಿಮಿಷ ಎಲ್ಲ ಮೊದಲೇ ಲೆಕ್ಕ ಹಾಕಿ ಹೇಳಬಹುದು.

ಜ್ವಾಲೆಯ ಜೊತೆಗೆ ಕೆಲವೊಮ್ಮೆ, ಯಾವಾಗಲೂ ಅಲ್ಲ, ಸೂರ್ಯನ ಹೊರಕವಚದ ಒಂದು ಭಾಗವೇ ಕಿತ್ತು ಹೊರಡುತ್ತದೆ. ಇದೇ ಸಿಎಂಇ, ಕನ್ನಡದಲ್ಲಿ ಕರೋನಾ ದ್ರವ್ಯ ಉತ್ಸರ್ಜನೆ ಎನ್ನುತ್ತಾರೆ. ಇದು ಬೆಳಕಲ್ಲ, ವಸ್ತು: ಕೋಟ್ಯಂತರ ಟನ್ ವಿದ್ಯುದಾವೇಶದ ಕಣಗಳು, ಜೊತೆಗೆ ತನ್ನದೇ ಕಾಂತಕ್ಷೇತ್ರ. ಮೇ 8ರಂದು ಮೊದಲನೆಯದು ಹೊರಟಿತು, ಬೆನ್ನಿಗೆ ಇನ್ನೂ ಕೆಲವು ಹೊರಟವು. ಹಿಂದಿನವು ಮುಂದಿನದನ್ನು ಹಿಡಿದು ಒಟ್ಟಾಗಿ ಮೇ 10ರ ರಾತ್ರಿ ನಮ್ಮ ಹತ್ತೂವರೆ ಹೊತ್ತಿಗೆ ಭೂಮಿಗೆ ಅಪ್ಪಳಿಸಿದವು. ಸೂರ್ಯನಿಂದ ಇಲ್ಲಿಗೆ ಸುಮಾರು ಎರಡೂವರೆ ದಿನದ ಪಯಣ. ಕಲಬುರಗಿ, ಬೀದರ್ ಕಡೆ ಲೋಕಸಭೆಗೆ ಮತ ಹಾಕಿ ಮೂರನೇ ರಾತ್ರಿ ಅದು. ಸೆಕೆಗೆ ಮಾಳಿಗೆ ಮೇಲೆ ಮಲಗಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಕೆಪಿ ಒಂಬತ್ತಕ್ಕೆ ಏರಿತು. ಐದು ಮೆಟ್ಟಿಲಿನ ಬಿರುಗಾಳಿ ಮಾಪಕದಲ್ಲಿ ಐದನೆಯದು, 2003ರ ಅಕ್ಟೋಬರ್ ನಂತರ ಮೊದಲ ಸಲ. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿದ್ದನ್ನು ಖಗೋಳ ವೀಕ್ಷಣಾಲಯದವರು ಚಿತ್ರ ಹಿಡಿದರು. ಅಮೆರಿಕದ ಜೋಳದ ಹೊಲಗಳಲ್ಲಿ ಬಿತ್ತನೆ ನಡೆಸುತ್ತಿದ್ದ ಟ್ರ್ಯಾಕ್ಟರ್‌ಗಳ ಆರ್‌ಟಿಕೆ, ಅಂದರೆ ನಿಮ್ಮದೇ ಬೇಸ್–ರೋವರ್ ಲೆಕ್ಕದ ಜಿಪಿಎಸ್, ದಾರಿ ತಪ್ಪಿ, ಎಷ್ಟೋ ರೈತರು ಕೆಲಸ ನಿಲ್ಲಿಸಬೇಕಾಯಿತು. ನಿಮ್ಮಂಥವರಿಗೆ ಆದ ತೊಂದರೆಯೇ, ಕಾರಣ ಮಾತ್ರ ಬೇರೆ.

ಹೊರಟದ್ದು ಕಂಡಮೇಲೆ ಎರಡು ದಿನ ಸಮಯ ಇದೆಯಲ್ಲ, ನಿಖರವಾಗಿ ಹೇಳಬಹುದಲ್ಲ ಎಂದು ಕೇಳಬಹುದು. ಬರುವ ಹೊತ್ತನ್ನು ಹೇಳುವಾಗ ಹತ್ತು ಹನ್ನೆರಡು ತಾಸು ಆಚೀಚೆ ಆಗುವುದು ಈಗಲೂ ಸಾಮಾನ್ಯ. ಅದಕ್ಕಿಂತ ಮುಖ್ಯವಾದದ್ದು, ಅದು ಹೊತ್ತು ತರುವ ಕಾಂತಕ್ಷೇತ್ರದ ದಿಕ್ಕು. ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಯ ಕಾಂತಕ್ಷೇತ್ರದ ಬಾಗಿಲು ತೆರೆಯುತ್ತದೆ, ಉತ್ತರಕ್ಕಿದ್ದರೆ ಎಷ್ಟೇ ದೊಡ್ಡದಾದರೂ ಬಹುಪಾಲು ಸವರಿಕೊಂಡು ಹೋಗುತ್ತದೆ. ಈ ದಿಕ್ಕು ಗೊತ್ತಾಗುವುದು ನಮ್ಮಿಂದ 15 ಲಕ್ಷ ಕಿ.ಮೀ. ಮುಂದೆ, ಭೂಮಿ–ಸೂರ್ಯರ ನಡುವಿನ ಎಲ್1 ಎಂಬ ಬಿಂದುವಿನ ಸುತ್ತ ಕಾಯುವ ನೌಕೆಗಳನ್ನು ಅದು ದಾಟುವಾಗ. ನಮ್ಮ ಆದಿತ್ಯ-ಎಲ್1 ಕೂಡ 2024ರ ಜನವರಿ 6ರಿಂದ ಅಲ್ಲಿದೆ, ಅದರಲ್ಲಿ ಕಾಂತಕ್ಷೇತ್ರ ಅಳೆಯುವ ಉಪಕರಣವೂ ಇದೆ. ಸೆಕೆಂಡಿಗೆ 800 ಕಿ.ಮೀ. ವೇಗದಲ್ಲಿ ಬರುವ ಮೋಡ ಅಲ್ಲಿಂದ ನಮ್ಮನ್ನು ಮುಟ್ಟಲು 1,875 ಸೆಕೆಂಡ್ ಬೇಕು. ಅಂದರೆ ಅರ್ಧ ತಾಸು. ಖಾತ್ರಿಯ ಎಚ್ಚರಿಕೆ ಎಂದರೆ ಅಷ್ಟೇ. "ಮುಂದಿನ ಗುರುವಾರ ಗ್ರಿಡ್ ಸುಡುತ್ತದೆ" ಎಂದು ಯಾರಾದರೂ ಬರೆದರೆ ಅವರಿಗೆ ಆದಿತ್ಯನಿಗಿಂತ ಹೆಚ್ಚು ಗೊತ್ತಿರಬೇಕು.

ಉಪಗ್ರಹಗಳಿಗೆ ಆಗುವ ಪೆಟ್ಟಿನ ಬಗ್ಗೆ ಒಂದೇ ಮಾತು. ಬಿರುಗಾಳಿ ಮೇಲಿನ ವಾತಾವರಣವನ್ನು ಬಿಸಿ ಮಾಡಿ ಉಬ್ಬಿಸುತ್ತದೆ, ಕೆಳಕಕ್ಷೆಯ ಉಪಗ್ರಹಗಳಿಗೆ ಗಾಳಿಯ ಎಳೆತ ಹೆಚ್ಚುತ್ತದೆ. 2022ರ ಫೆಬ್ರುವರಿ 3ರಂದು ಹಾರಿಸಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಹೆಚ್ಚಿನವು ಹೀಗೇ ಮರಳಿ ಬಿದ್ದು ಉರಿದವು. ಸೋಜಿಗ ಎಂದರೆ ಅದು ಸಣ್ಣ ಬಿರುಗಾಳಿ. ಅವನ್ನು ಮೊದಲು 210 ಕಿ.ಮೀ.ನಷ್ಟು ಕೆಳಗೆ ಬಿಟ್ಟದ್ದೇ ಮುಳುವಾಯಿತು. ಜಿಪಿಎಸ್ ಉಪಗ್ರಹಗಳು ಇರುವ ಎತ್ತರದಲ್ಲಿ ಗಾಳಿಯೇ ಇಲ್ಲ.

ಈಗ ನಿಮ್ಮ ತಂದೆಯವರ ಮೋಟಾರ್. ಗ್ರಿಡ್ ಬಿದ್ದದ್ದು ನಿಜವಾಗಿ ನಡೆದಿದೆ, ಅದನ್ನು ಹೇಗೆ ಎಂದು ತಿಳಿದರೆ ಹೊಲದ ಟಿ.ಸಿ.ಗೆ ಏಕೆ ಆಗುವುದಿಲ್ಲ ಎಂಬುದೂ ತಿಳಿಯುತ್ತದೆ.

ಬಿರುಗಾಳಿಯಲ್ಲಿ ಭೂಮಿಯ ಕಾಂತಕ್ಷೇತ್ರ ನಿಮಿಷ ನಿಮಿಷಕ್ಕೂ ಅಲುಗಾಡುತ್ತದೆ. ಬದಲಾಗುವ ಕಾಂತಕ್ಷೇತ್ರ ನೆಲದಲ್ಲಿ ವಿದ್ಯುತ್ ಕ್ಷೇತ್ರವನ್ನು ಹುಟ್ಟಿಸುತ್ತದೆ. ಕೆನಡಾದ ಕ್ವಿಬೆಕ್‌ನಲ್ಲಿ 1989ರ ಮಾರ್ಚ್ 13ರ ನಸುಕಿನ 2:44ಕ್ಕೆ ಅದು ಕಿಲೋಮೀಟರಿಗೆ ಸುಮಾರು 2 ವೋಲ್ಟ್. ಎಣಿಕೆಗೆ ಬಾರದಷ್ಟು ಎನ್ನಿಸುತ್ತದೆ. ಆದರೆ ಅಲ್ಲಿ ಜೇಮ್ಸ್ ಕೊಲ್ಲಿಯ ಜಲವಿದ್ಯುತ್ ತರುವ 735 ಕೆ.ವಿ. ಮಾರ್ಗಗಳು ಸಾವಿರ ಕಿಲೋಮೀಟರ್ ಉದ್ದ, ಎರಡೂ ತುದಿಯ ಟ್ರಾನ್ಸ್‌ಫಾರ್ಮರ್‌ಗಳ ನ್ಯೂಟ್ರಲ್ ನೆಲಕ್ಕೆ ಕಟ್ಟಿದೆ. ಸಾವಿರ ಕಿಲೋಮೀಟರಿಗೆ ಎರಡು ಸಾವಿರ ವೋಲ್ಟ್. ತಂತಿಯ ರೋಧ ಕೆಲವೇ ಓಮ್. ನೆಲದಿಂದ ನ್ಯೂಟ್ರಲ್ ಮೂಲಕ ತಂತಿಗೆ ಏರಿ, ಇನ್ನೊಂದು ತುದಿಯಲ್ಲಿ ನೆಲಕ್ಕೆ ಇಳಿಯುವ ಪ್ರವಾಹ ಹರಿಯತೊಡಗಿತು. ನಿಮಿಷಗಟ್ಟಲೆ ಒಂದೇ ದಿಕ್ಕಿಗೆ ಹರಿಯುವ ಅದು ಸೆಕೆಂಡಿಗೆ 120 ಸಲ ದಿಕ್ಕು ಬದಲಿಸುವ ಗ್ರಿಡ್‌ನ ಕಣ್ಣಿಗೆ ಡಿಸಿ ಇದ್ದ ಹಾಗೆ. ಟ್ರಾನ್ಸ್‌ಫಾರ್ಮರ್‌ನ ಕಬ್ಬಿಣದ ಕೋರ್ ಒಂದು ಮಗ್ಗುಲಿಗೆ ವಾಲಿ, ಪ್ರತಿ ಆವರ್ತನದ ಅರ್ಧಭಾಗದಲ್ಲಿ ಕಾಂತತ್ವ ತುಂಬಿ ಹೋಗುತ್ತದೆ. ಆಗ ಅದು ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ, ವೋಲ್ಟೇಜ್ ಎತ್ತಿ ಹಿಡಿಯಲು ಬೇಕಾದ ರಿಯಾಕ್ಟಿವ್ ಪವರನ್ನು ನುಂಗುತ್ತದೆ, ಮತ್ತು ಅಲೆಯ ಆಕಾರ ಕೆಡಿಸಿ ಹಾರ್ಮೋನಿಕ್ಸ್ ಉಗುಳುತ್ತದೆ. ಕ್ವಿಬೆಕ್‌ನಲ್ಲಿ ಈ ಹಾರ್ಮೋನಿಕ್ಸ್ ಕಂಡು ಬೆಚ್ಚಿದ ರಕ್ಷಣಾ ರಿಲೇಗಳು, ವೋಲ್ಟೇಜ್ ಕಾಯುತ್ತಿದ್ದ ಏಳು ಕಾಂಪೆನ್ಸೇಟರ್‌ಗಳನ್ನು ಒಂದರ ಹಿಂದೊಂದು ಟ್ರಿಪ್ ಮಾಡಿಬಿಟ್ಟವು. ವೋಲ್ಟೇಜ್ ಕುಸಿದು ಸುಮಾರು ತೊಂಬತ್ತು ಸೆಕೆಂಡಿನಲ್ಲಿ ಇಡೀ ಪ್ರಾಂತ್ಯ ಕತ್ತಲಾಯಿತು. ಅರವತ್ತು ಲಕ್ಷ ಜನಕ್ಕೆ ಒಂಬತ್ತು ತಾಸು ಕರೆಂಟಿಲ್ಲ. ಗಮನಿಸಿ, ಗ್ರಿಡ್ ಸುಟ್ಟದ್ದಲ್ಲ, ಕಾವಲುಗಾರರೇ ಬಾಗಿಲು ಹಾಕಿಕೊಂಡದ್ದು.

ನಿಮ್ಮ ಹೊಲಕ್ಕೆ ಇದೇ ಲೆಕ್ಕ ಹಚ್ಚಿ. ಕ್ವಿಬೆಕ್‌ನ ಆ 2 ವೋಲ್ಟ್ ಜೇವರ್ಗಿಗೇ ಬಂತು ಎಂದು ಧಾರಾಳವಾಗಿ ಹಿಡಿಯೋಣ. ಸಬ್‌ಸ್ಟೇಷನ್‌ನಿಂದ ಹೊಲಕ್ಕೆ 11 ಕೆ.ವಿ. ಲೈನ್ ಎಂಟು ಕಿಲೋಮೀಟರ್ ಇದ್ದರೆ ಹುಟ್ಟುವುದು 16 ವೋಲ್ಟ್, ಹನ್ನೊಂದು ಸಾವಿರದ ಎದುರು ಹದಿನಾರು. ಅದೂ ಹರಿಯಲು ದಾರಿ ಇಲ್ಲ. ಹೊಲದ ಟಿ.ಸಿ.ಯ 11 ಕೆ.ವಿ. ಮಗ್ಗುಲು ಡೆಲ್ಟಾ ಸುತ್ತು, ಅಲ್ಲಿ ನೆಲಕ್ಕೆ ಕಟ್ಟಿದ ನ್ಯೂಟ್ರಲ್ಲೇ ಇಲ್ಲ. ನಿಮ್ಮ ಕಡೆ ಟಿ.ಸಿ. ಸುಡುವುದು ಓವರ್‌ಲೋಡ್‌ಗೆ, ಎಣ್ಣೆ ಕಡಿಮೆಯಾದದ್ದಕ್ಕೆ, ಮೇ ತಿಂಗಳ ಸಿಡಿಲಿಗೆ. ಸಿಡಿಲು ಮೈಕ್ರೊಸೆಕೆಂಡುಗಳ ಆಟ, ಅದಕ್ಕೆ ಉದ್ದದ ಲೈನ್ ಬೇಕಿಲ್ಲ. ಆಕಾಶದಲ್ಲಿ ಗುಡುಗು ಕೇಳಿಸಿದಾಗ ನಿಮ್ಮ ತಂದೆ ಸ್ಟಾರ್ಟರ್ ಬಂದ್ ಮಾಡುವುದು ಸರಿ. ವಾಟ್ಸ್‌ಆ್ಯಪ್ ನೋಡಿ ಮಾಡಿದರೆ ಒಣಗುವುದು ಬೆಳೆ.

ನಮ್ಮ ಭಾಗದಲ್ಲಿ ಚಿಂತೆ ಮಾಡಬೇಕಾದ್ದು ಇದ್ದರೆ ಅದು ದೊಡ್ಡ ಮಾರ್ಗಗಳ ಬಗ್ಗೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ದಕ್ಷಿಣದ ಗ್ರಿಡ್ಡನ್ನು ದೇಶದ ಉಳಿದ ಗ್ರಿಡ್ಡಿಗೆ ಒಂದೇ ಆವರ್ತನದಲ್ಲಿ ಕಟ್ಟಿತು. ಉದ್ದ ಹೆಚ್ಚು, ರೋಧ ಕಡಿಮೆ, ಎರಡೂ ತುದಿಗೆ ನೆಲದ ಸಂಪರ್ಕ. ಕ್ವಿಬೆಕ್‌ನ ಲಕ್ಷಣಗಳು ಇಲ್ಲಿಯೂ ಇವೆ. ಆಳದ ಗಟ್ಟಿ ಬಂಡೆಯೂ ನಮ್ಮ ಪರ ಇಲ್ಲ, ಏಕೆಂದರೆ ವಿದ್ಯುತ್ ಹರಿಯಲು ಬಿಡದ ನೆಲದಲ್ಲಿ ಕ್ಷೇತ್ರ ಹೆಚ್ಚು ಏಳುತ್ತದೆ. ನಮ್ಮನ್ನು ಕಾಯುವುದು ಅಕ್ಷಾಂಶ: ಧ್ರುವದ ಬೆಳಕಿನ ಪಟ್ಟಿಯ ಕೆಳಗೆ ಹರಿಯುವ ಭಾರಿ ಪ್ರವಾಹಗಳಿಂದ ನಾವು ಬಹಳ ದೂರ. ಹಾಗೆಂದು ಸೊನ್ನೆ ಅಲ್ಲ. ಅಂಥ ಎಚ್ಚರಿಕೆ ಬಂದಾಗ ಗ್ರಿಡ್ ನಡೆಸುವವರು ಮಾಡಬಹುದಾದ್ದು ಸರಳ. ದುರಸ್ತಿಗೆಂದು ತೆಗೆದ ಮಾರ್ಗಗಳನ್ನು ಮರಳಿ ಸೇರಿಸುವುದು, ದೂರದ ವಿದ್ಯುತ್ ಸಾಗಣೆ ತುಸು ಇಳಿಸುವುದು, ರಿಯಾಕ್ಟಿವ್ ಪವರ್ ಕೈಯಲ್ಲಿ ಉಳಿಸಿಕೊಳ್ಳುವುದು, ನ್ಯೂಟ್ರಲ್ ಪ್ರವಾಹದ ಮೇಲೆ ಕಣ್ಣಿಡುವುದು. ಮನೆಯಲ್ಲಿ ಕೂತವರು ಮಾಡಬೇಕಾದ್ದು ಏನೂ ಇಲ್ಲ. 2024ರ ಮೇ 10ರ ರಾತ್ರಿ ನಮ್ಮ ಗ್ರಿಡ್ ಬೀಳಲಿಲ್ಲ.

ನಿಮ್ಮ ಕೆಲಸಕ್ಕೆ ಬರುತ್ತೇನೆ. ನಾನಾಗಿದ್ದರೆ ಮಾರ್ಚ್, ಏಪ್ರಿಲ್‌ನಲ್ಲಿ ಪಾಳಿಯನ್ನೇ ತಿರುಗಿಸುತ್ತಿದ್ದೆ. ನಸುಕಿನ ನಾಲ್ಕರಿಂದ ಬೆಳಿಗ್ಗೆ ಹತ್ತರ ತನಕ ಅಯಾನುಗೋಳ ಬಹುಪಾಲು ಶಾಂತ, ಗುಳ್ಳೆಗಳು ಕರಗಿರುತ್ತವೆ, ಬಿಸಿಲೂ ತಡೆಯುವಷ್ಟು. ಆ ಹೊತ್ತಿಗೆ ಕೂಲಿಯವರನ್ನು ಸೈಟಿಗೆ ಕರೆತರುವುದೇ ಕಷ್ಟ, ಅದು ನನಗೂ ಗೊತ್ತು. ಸಂಜೆಯೇ ಆಗಬೇಕೆಂದರೆ ಬೆಳಿಗ್ಗೆ ರೋವರ್‌ನಿಂದ ಎರಡು ಮೂರು ಕಂಟ್ರೋಲ್ ಪಾಯಿಂಟ್ ಗಟ್ಟಿಯಾಗಿ ಹಾಕಿ, ಕತ್ತಲಾದ ಮೇಲೆ ಅವುಗಳಿಂದ ಟೋಟಲ್ ಸ್ಟೇಷನ್ ನಡೆಸಿ. ಅದರ ಬೆಳಕಿಗೂ ಅಯಾನುಗೋಳಕ್ಕೂ ಸಂಬಂಧವೇ ಇಲ್ಲ. ಕೆಲಸ ನಿಧಾನ, ನೇರ ನೋಟ ಬೇಕು, ಆದರೆ ಬಯಲಿನ ಸೋಲಾರ್ ಸೈಟಿನಲ್ಲಿ ಅದು ದೊಡ್ಡ ಅಡ್ಡಿಯಲ್ಲ.

ಸೈಟಿನಲ್ಲೇ ಸ್ವಂತ ಬೇಸ್ ಇಡಿ ಎಂದು ಉಪಕರಣ ಮಾರುವವರು ಹೇಳುತ್ತಾರೆ. ದೂರದ ಸ್ಟೇಷನ್ನಿನ ಕರೆಕ್ಷನ್‌ಗಿಂತ ಅದು ಒಳ್ಳೆಯದು ನಿಜ, ಮಧ್ಯಾಹ್ನದ ತೊಂದರೆಗೆ ಮದ್ದು. ಗುಳ್ಳೆಯ ಮಿಣುಕಿಗೆ ಅರ್ಧ ಮದ್ದು ಮಾತ್ರ, ಏಕೆಂದರೆ ಸಿಗ್ನಲ್ಲೇ ಕೈತಪ್ಪಿದರೆ ಬೇಸ್ ಎಷ್ಟು ಹತ್ತಿರವಿದ್ದರೇನು. ಬೇಸ್‌ನ ನಿರ್ದೇಶಾಂಕ ತಪ್ಪಾಗಿ ಹಾಕಿದರೆ ಒಂದು ಸಾಲಲ್ಲ, ಇಡೀ ಪ್ಲಾಂಟೇ ಸರಿಯುತ್ತದೆ. ಗೆಲಿಲಿಯೊ, ಬೈಡೌ ಸೇರಿ ಸಿಗುವ ಎಲ್ಲ ಉಪಗ್ರಹ ವ್ಯವಸ್ಥೆಗಳನ್ನೂ ಆನ್ ಮಾಡಿಡುವುದರಿಂದ ಹೆಚ್ಚು ಪ್ರಯೋಜನ. ಒಂದು ಮಗ್ಗುಲಿನ ಉಪಗ್ರಹಗಳು ಕೆಟ್ಟರೂ ಎಣಿಕೆಗೆ ಸಾಕಷ್ಟು ಉಳಿಯುತ್ತವೆ.

ಯಾವ ದಾರಿ ಹಿಡಿದರೂ ಹಸಿರು ಅಕ್ಷರವನ್ನೊಂದೇ ನಂಬಬೇಡಿ. ಗೊತ್ತಿರುವ ಒಂದು ಬಿಂದುವನ್ನು ಅರ್ಧ ತಾಸಿಗೊಮ್ಮೆ ಅಳೆಯಿರಿ. ಮೂರು ಸೆಂಟಿಮೀಟರಿಗಿಂತ ಹೆಚ್ಚು ತಪ್ಪಿದರೆ ಹಿಂದಿನ ಸರಿಯಾದ ತಪಾಸಣೆಯಿಂದ ಈಚೆಗಿನ ಎಲ್ಲ ಬಿಂದುಗಳನ್ನೂ ತಿರಸ್ಕರಿಸಿ. ಅನುಮಾನ ಬಂದ ಕಡೆ ರೋವರ್‌ನಲ್ಲಿ ಮರು-ಇನಿಶಿಯಲೈಸ್ ಮಾಡಿಸಿ, ಎರಡನೇ ಸಲ ಹೊಸದಾಗಿ ಫಿಕ್ಸ್ ಪಡೆದು ಹೋಲಿಸಿ. ಬೇರೆ ಬೇರೆಯಾಗಿ ಸಿಕ್ಕ ಎರಡು ಫಿಕ್ಸ್‌ಗಳು ಒಂದೇ ತಪ್ಪನ್ನು ಮಾಡುವುದು ಬಲು ಅಪರೂಪ.

ಈಗಾಗಲೇ ಗುರುತು ಹಾಕಿದ ಪೈಲ್‌ಗಳನ್ನು ಪೂರಾ ಮತ್ತೆ ಅಳೆಯಬೇಕಿಲ್ಲ. ಕಂಟ್ರೋಲರ್ ಫೈಲ್‌ನಲ್ಲಿ ಪ್ರತಿ ಬಿಂದುವಿನ ಸಮಯ ಇರುತ್ತದೆ. ರಾತ್ರಿ ಏಳೂವರೆ ನಂತರದವನ್ನು ಬೇರ್ಪಡಿಸಿ, ಪ್ರತಿ ರಾತ್ರಿಯೂ ಫಿಕ್ಸ್ ಹೋಗಿ ಮರಳಿ ಬಂದ ಜಾಗಗಳನ್ನು ಗುರುತು ಮಾಡಿಕೊಳ್ಳಿ. ತಪ್ಪು ಎಣಿಕೆ ಅಲ್ಲಿಂದ ಮುಂದಿನ ಮರಳುವಿಕೆಯ ತನಕ ಒಂದೇ ಸಮ ಸಾಗುವುದರಿಂದ ಅಂಥ ಪ್ರತಿ ತುಣುಕಿನಲ್ಲೂ ಮೊದಲಿನ ಒಂದು, ಕೊನೆಯ ಒಂದು ಪೈಲ್ ಅನ್ನು ಬೆಳಿಗ್ಗೆ ಅಳೆದರೆ ಸಾಕು. ಎರಡೂ ಸರಿಯಿದ್ದರೆ ತುಣುಕು ಸರಿ. ಒಂದಾದರೂ ತಪ್ಪಿದ್ದರೆ ಆ ತುಣುಕನ್ನಷ್ಟೇ ಮತ್ತೆ ಹಾಕಿ. ಕಾಂಕ್ರೀಟ್ ಬೀಳುವ ಮೊದಲು ಇದು ಒಂದು ಮುಂಜಾನೆಯ ಕೆಲಸ.